ಕಾಡಿಗೆ ಒರೆಸುವುದೋ, ಕರಗಿಸುವುದೋ

ಮದುವೆ ಕಾಲ ಬಂತೆಂದರೆ ವಿಜಯನಗರ, ರಾಜಾಜಿನಗರದ ಛತ್ರಗಳಲ್ಲಿ ಎಲ್ಲರಿಗೂ ಒಂದೇ ಆತಂಕ: ಮುಹೂರ್ತದ ಹೊತ್ತಿಗೆ ಹುಡುಗಿಯ ಮೇಕಪ್ ಮುಗಿಯುತ್ತದೋ ಇಲ್ಲವೋ ಅಂತ. ಅದೇ ಮೇಕಪ್ ರಾತ್ರಿ ಹೇಗೆ ಇಳಿಯಬೇಕು ಅಂತ ಕೇಳುವವರು ಕಡಿಮೆ. ಮೇಕಪ್ ಮಾಡುವ ನಾವೂ ಬ್ರಷ್ಷುಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೊರಟುಬಿಡುತ್ತೇವೆ. ಆಮೇಲೆ ಆ ಹುಡುಗಿ ಸುಸ್ತಾಗಿ ಕೂತು, ಯಾರೋ ಕೈಗಿತ್ತ ಒದ್ದೆ ವೈಪ್ಸ್ ಪ್ಯಾಕೆಟ್ಟಿನಿಂದ ಒಂದೊಂದೇ ಎಳೆದು ಕಣ್ಣು ಉಜ್ಜಿಕೊಳ್ಳುತ್ತಾಳೆ. ಮರುದಿನ ಬೀಗರ ಔತಣಕ್ಕೆ ಹೋಗುವಾಗ ಕಣ್ಣಿನ ಸುತ್ತ ಕೆಂಪು.

ಇವತ್ತು ನಾನು ಮಾತಾಡುವುದು ಇಷ್ಟರ ಬಗ್ಗೆಯೇ. ಮುಖದ ಮಿಕ್ಕ ಭಾಗ ಹೇಗೋ ತಡೆದುಕೊಳ್ಳುತ್ತದೆ. ಕಣ್ಣಿನ ಸುತ್ತಲಿನ ಚರ್ಮಕ್ಕೆ ಆ ಶಕ್ತಿ ಇಲ್ಲ. ಅಲ್ಲಿ ವೈಪ್ಸ್ ಯಾಕೆ ಉರಿ ತರುತ್ತದೆ, ಅದರ ಬದಲು ಈಗ ಎಲ್ಲರೂ ಹೇಳುತ್ತಿರುವ ಕ್ಲೆನ್ಸಿಂಗ್ ಬಾಮ್ ನಿಜವಾಗಿ ಮಾಡುವುದೇನು, ಅದೂ ಎಲ್ಲಿ ಕೈಕೊಡುತ್ತದೆ ಅಂತ ನೋಡೋಣ.

ಮೊದಲು ಕಣ್ಣಿಗೆ ಹಚ್ಚಿರುವುದು ಏನು ಅಂತ ತಿಳಿಯಬೇಕು. ನಮ್ಮ ಅಜ್ಜಿಯರು ಮನೆಯಲ್ಲಿ ಕಾಡಿಗೆ ಮಾಡುತ್ತಿದ್ದರು. ದೀಪದ ಮೇಲೆ ತಟ್ಟೆ ಕವುಚಿ, ಅದಕ್ಕೆ ಹಿಡಿದ ಮಸಿಯನ್ನು ಹರಳೆಣ್ಣೆಯಲ್ಲೋ ತುಪ್ಪದಲ್ಲೋ ಕಲಸಿದರೆ ಮುಗಿಯಿತು. ಅದು ಮಧ್ಯಾಹ್ನದ ಸೆಕೆಗೇ ಕೆನ್ನೆಗೆ ಇಳಿಯುತ್ತಿತ್ತು. ಅದನ್ನು ತೆಗೆಯುವುದು ಯಾರಿಗೂ ಸಮಸ್ಯೆಯಾಗಿರಲಿಲ್ಲ. ಈಗಿನ ಪೆನ್ಸಿಲ್ ಕಾಡಿಗೆ, ವಾಟರ್‌ಪ್ರೂಫ್ ಐಲೈನರ್, ಮಸ್ಕಾರಗಳ ಕಥೆ ಬೇರೆ. ಅದರಲ್ಲಿ ಮೇಣವಿದೆ, ಬಣ್ಣದ ಪುಡಿಯಿದೆ, ಇವನ್ನು ಹಿಡಿದಿಡುವ ಪಾಲಿಮರ್ ಇದೆ, ಬೇಗ ಆರಿಹೋಗುವ ಒಂದು ಹಗುರ ಎಣ್ಣೆಯಿದೆ. ಹಚ್ಚಿದ ಕೆಲವೇ ನಿಮಿಷದಲ್ಲಿ ಆ ಎಣ್ಣೆ ಗಾಳಿಗೆ ಹಾರಿಹೋಗುತ್ತದೆ. ಉಳಿದ ಮೇಣ, ಬಣ್ಣ, ಪಾಲಿಮರ್ ಸೇರಿ ಚರ್ಮದ ಮೇಲೆ ತೆಳು ಪದರವಾಗಿ ಗಟ್ಟಿಯಾಗುತ್ತದೆ. ಬೆವರು, ಕಣ್ಣೀರು ಯಾವುದಕ್ಕೂ ಅದು ಜಗ್ಗುವುದಿಲ್ಲ. ಧಾರೆ ಹೊತ್ತಿಗೆ ಅತ್ತರೂ ಕಪ್ಪು ಇಳಿಯಬಾರದು ಅಂತ ನಾವೇ ಆರಿಸಿ ಹಚ್ಚಿರುತ್ತೇವೆ. ನೀರಿಗೆ ಜಗ್ಗದ್ದನ್ನು ರಾತ್ರಿ ನೀರೇ ಹೆಚ್ಚಿರುವ ಬಟ್ಟೆಯಿಂದ ತೆಗೆಯಲು ಹೊರಡುತ್ತೇವೆ. ತೊಂದರೆ ಅಲ್ಲಿಂದಲೇ ಶುರು.

ವೈಪ್ಸ್ ಅಂದರೆ ಏನು? ಅದು ನೇಯ್ದ ಬಟ್ಟೆಯಲ್ಲ. ಪಾಲಿಯೆಸ್ಟರ್, ವಿಸ್ಕೋಸ್‌ನಂಥ ಎಳೆಗಳನ್ನು ಹರವಿ, ನೀರಿನ ಬಿರುಸಾದ ಧಾರೆಯಿಂದ ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿದ ಹಾಳೆ. ಬೆರಳಿಗೆ ಮೆತ್ತಗಿರುತ್ತದೆ. ಅದಕ್ಕೆ ಕುಡಿಸಿರುವ ದ್ರವದಲ್ಲಿ ಬಹುಪಾಲು ನೀರು, ಸ್ವಲ್ಪ ಜಿಡ್ಡು ಬಿಡಿಸುವ ಸರ್ಫಾಕ್ಟೆಂಟ್, ಸ್ವಲ್ಪ ಗ್ಲಿಸರಿನ್, ಒಮ್ಮೊಮ್ಮೆ ಸುಗಂಧ. ಜೊತೆಗೆ ಕೆಡದಂತೆ ಇಡುವ ಪ್ರಿಸರ್ವೇಟಿವ್ ಇರಲೇಬೇಕು, ಯಾಕೆಂದರೆ ತಿಂಗಳುಗಟ್ಟಲೆ ಒದ್ದೆಯಾಗಿ ಕೂತ ಬಟ್ಟೆಗೆ ಬೂಷ್ಟು ಬರದೆ ಇರುವುದಿಲ್ಲ. ಈ ದ್ರವ ಫೌಂಡೇಶನ್ನಿನಂಥ ಹಗುರ ಬಣ್ಣವನ್ನು ಬಿಡಿಸುತ್ತದೆ. ವಾಟರ್‌ಪ್ರೂಫ್ ಕಾಡಿಗೆಯ ಪದರವನ್ನು ಕರಗಿಸುವ ಎಣ್ಣೆ ಅದರಲ್ಲಿ ಸಾಕಷ್ಟು ಇರುವುದಿಲ್ಲ. ಹಾಗಾಗಿ ದ್ರವ ಮಾಡದ ಕೆಲಸವನ್ನು ನಮ್ಮ ಕೈ ಮಾಡುತ್ತದೆ, ಅಂದರೆ ಉಜ್ಜುತ್ತದೆ.

ಆ ಉಜ್ಜಾಟ ಬೀಳುವುದು ದೇಹದಲ್ಲೇ ಅತ್ಯಂತ ತೆಳುವಾದ ಚರ್ಮದ ಮೇಲೆ. ರೆಪ್ಪೆಯ ಚರ್ಮ ಒಂದು ಮಿಲಿಮೀಟರಿಗಿಂತ ತೆಳು. ಅದರ ಕೆಳಗೆ ಮೆತ್ತೆಯ ಹಾಗೆ ಕೊಬ್ಬಿಲ್ಲ, ಇರುವುದು ಸಡಿಲವಾದ ಪೊರೆ. ಆದ್ದರಿಂದಲೇ ಸೊಳ್ಳೆ ಕೆನ್ನೆಗೆ ಕಚ್ಚಿದರೆ ಒಂದು ಗುಳ್ಳೆ ಏಳುತ್ತದೆ, ರೆಪ್ಪೆಗೆ ಕಚ್ಚಿದರೆ ಇಡೀ ಕಣ್ಣು ಊದಿಕೊಳ್ಳುತ್ತದೆ. ಉಜ್ಜಿದಾಗ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು, ಎಳೆಗಳ ತಿಕ್ಕಾಟದಿಂದ ಚರ್ಮದ ಮೇಲಿನ ರಕ್ಷಣೆಯ ಪದರ ಅಲ್ಲಲ್ಲಿ ಕಿತ್ತುಬರುತ್ತದೆ. ಎರಡು, ಹಾಗೆ ಬಿರುಕು ಬಿಟ್ಟ ಜಾಗಕ್ಕೆ ಸರ್ಫಾಕ್ಟೆಂಟ್, ಸುಗಂಧ, ಪ್ರಿಸರ್ವೇಟಿವ್ ಇಳಿಯುತ್ತವೆ. ಮೂರು, ವೈಪ್ಸ್ ಬಳಸಿದವರು ಸಾಮಾನ್ಯವಾಗಿ ಮುಖ ತೊಳೆಯುವುದಿಲ್ಲ. ತೊಳೆಯುವ ಕೆಲಸ ತಪ್ಪಲಿ ಅಂತಲೇ ವೈಪ್ಸ್ ಕೊಂಡಿರುತ್ತಾರೆ! ಹಾಗಾಗಿ ಆ ದ್ರವ ರಾತ್ರಿಯಿಡೀ ರೆಪ್ಪೆಯ ಮೇಲೇ ಉಳಿಯುತ್ತದೆ. ನನ್ನ ಲೆಕ್ಕದಲ್ಲಿ ಇವುಗಳಲ್ಲಿ ಹೆಚ್ಚು ತಾಪತ್ರಯದ್ದು ಈ ಮೂರನೆಯದೇ.

ಚರ್ಮದ ಮೇಲೆ ಉಳಿಯುವುದಕ್ಕೂ ತೊಳೆದುಹೋಗುವುದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಮಿಥೈಲ್ ಐಸೋಥಯಾಜೊಲಿನೋನ್ ಅಂತ ಒಂದು ಪ್ರಿಸರ್ವೇಟಿವ್ ಇದೆ. ಒಂದು ಕಾಲದಲ್ಲಿ ಒದ್ದೆ ವೈಪ್ಸ್‌ಗಳಲ್ಲಿ ಧಾರಾಳವಾಗಿ ಬಳಕೆಯಾಯಿತು. ಅದರಿಂದ ಅಲರ್ಜಿಯಾದವರ ಸಂಖ್ಯೆ ಏರಿದ್ದರಿಂದ, ಸಂಪರ್ಕದಿಂದ ಬರುವ ಚರ್ಮದ ಕಾಯಿಲೆಗಳನ್ನು ಅಧ್ಯಯನ ಮಾಡುವ ಅಮೆರಿಕದ ವೈದ್ಯರ ಸಂಘ 2013ರಲ್ಲಿ ಅದನ್ನೇ ವರ್ಷದ ಅಲರ್ಜಿಕಾರಕ ಅಂತ ಹೆಸರಿಸಿತು. ಯುರೋಪಿನ ಒಕ್ಕೂಟ 2017ರಿಂದ, ತೊಳೆಯದೆ ಚರ್ಮದ ಮೇಲೆ ಬಿಡುವ ಪ್ರಸಾಧನಗಳಲ್ಲಿ ಅದನ್ನು ನಿಷೇಧಿಸಿತು, ತೊಳೆದು ತೆಗೆಯುವಂಥವುಗಳಲ್ಲಿ ತೀರ ಸಣ್ಣ ಪ್ರಮಾಣಕ್ಕೆ ಮಾತ್ರ ಬಿಟ್ಟಿತು. ವಸ್ತು ಒಂದೇ. ತೊಳೆಯುತ್ತೀರೋ ಇಲ್ಲವೋ ಅನ್ನುವುದರ ಮೇಲೆ ಕಾನೂನೇ ಬೇರೆ. ಈಗ ಸಿಗುವ ಎಷ್ಟೋ ವೈಪ್ಸ್‌ಗಳಲ್ಲಿ ಅದರ ಬದಲು ಫಿನಾಕ್ಸಿಎಥನಾಲ್ ಇರುತ್ತದೆ. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಓದಲು ತಾಳ್ಮೆ ಬೇಕು, ಚಾಳೀಸೂ ಬೇಕಾದೀತು.

ಈಗ ಒಂದು ಪ್ರಸಂಗ. ಬಸವೇಶ್ವರನಗರದ ಒಬ್ಬ ತಾಯಿ ತಮ್ಮ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಭರತನಾಟ್ಯ ಕಲಿಯುತ್ತಾಳೆ, ನವರಾತ್ರಿಯಲ್ಲಿ ಸಾಲಾಗಿ ಕಾರ್ಯಕ್ರಮಗಳಿದ್ದವು. ನೃತ್ಯದ ಕಣ್ಣು ಅಂದರೆ ಗೊತ್ತಲ್ಲ, ಕಿವಿಯತ್ತ ಎಳೆದ ದಪ್ಪ ಗೆರೆ, ಒಳ ಅಂಚಿಗೂ ಕಾಡಿಗೆ. ಕಾರ್ಯಕ್ರಮ ಮುಗಿದು ಕಾರಿನಲ್ಲಿ ಬರುವಾಗಲೇ ವೈಪ್ಸ್‌ನಿಂದ ಒರೆಸಿಕೊಂಡು, ಮನೆಗೆ ಬಂದು ಹಾಗೇ ಮಲಗುತ್ತಿದ್ದಳು. ರೆಪ್ಪೆಯ ಮೇಲೆ ಕೆಂಪು, ಹೊರ ಮೂಲೆಯಲ್ಲಿ ಸಣ್ಣಗೆ ಸಿಪ್ಪೆ ಎದ್ದಿತ್ತು.

"ಹೊಸ ಕಾಡಿಗೆ ಆಗಿಬಂದಿಲ್ಲ ಅನ್ಸತ್ತೆ, ಬೇರೆ ಯಾವುದು ತಗೊಳ್ಳಲಿ ಹೇಳಿ" ಅಂದರು ತಾಯಿ.

ಕಾಡಿಗೆಯ ಮೇಲೆ ಅನುಮಾನ ಪಡುವುದು ಸಹಜ. ನಾನು ಹುಡುಗಿಯನ್ನು ಕೇಳಿದೆ, "ಉರಿ ಯಾವಾಗ ಶುರುವಾಗತ್ತಮ್ಮಾ? ಹಚ್ಚಿದಾಗಲೋ, ತೆಗೆಯುವಾಗಲೋ?"

"ಹಚ್ಚಿದಾಗ ಏನೂ ಆಗಲ್ಲ ಆಂಟಿ. ಒರೆಸ್ಕೊಂಡ ತಕ್ಷಣ ಚುರುಚುರು ಅನ್ನತ್ತೆ. ಮಾರನೇ ದಿನ ಬಿಗಿದುಕೊಂಡ ಹಾಗೆ."

ಇದು ದೊಡ್ಡ ಸುಳಿವು. ತಕ್ಷಣ ಉರಿ, ಆಮೇಲೆ ಒಣಗಿ ಬಿಗಿಯುವುದು, ಸಿಪ್ಪೆ ಏಳುವುದು ಸಾಮಾನ್ಯವಾಗಿ ಕೆರಳಿಕೆಯ ಲಕ್ಷಣ. ಅದು ಯಾರಿಗಾದರೂ ಬರಬಹುದು, ತಿಕ್ಕಾಟ ನಿಂತರೆ ಇಳಿಯುತ್ತದೆ. ಅಲರ್ಜಿಯಾದರೆ ಮುಖ್ಯವಾಗಿ ನವೆ, ಊತ. ಅದೂ ಬಳಸಿದ ಕೂಡಲೇ ಅಲ್ಲ, ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ. ಹಾಗಾಗಿ ಮೊನ್ನೆ ಹಚ್ಚಿದ್ದನ್ನು ಮರೆತು ಇವತ್ತು ಹಚ್ಚಿದ್ದನ್ನು ಬೈಯುತ್ತೇವೆ. ಎರಡನ್ನೂ ಕಣ್ಣಿನಲ್ಲಿ ನೋಡಿ ಖಚಿತವಾಗಿ ಹೇಳುವುದು ನನ್ನಂಥವರ ಕೆಲಸವಲ್ಲ, ಚರ್ಮದ ವೈದ್ಯರ ಕೆಲಸ. ಆದರೆ ಎಲ್ಲಿ ಹುಡುಕಬೇಕು ಅನ್ನುವುದು ಇಷ್ಟರಿಂದ ಗೊತ್ತಾಗುತ್ತದೆ.

ಪ್ಯಾಕೆಟ್ ತರಿಸಿ ನೋಡಿದೆ. ಅದು ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇತ್ತಂತೆ. ಬಾಯಿಯ ಅಂಟು ಹೋಗಿತ್ತು, ಮೇಲಿನ ಹಾಳೆಗಳು ಅರೆ ಒಣಗಿದ್ದವು. ಒಣಗಿದ ವೈಪ್ಸ್‌ನಲ್ಲಿ ಜಾರುವ ಗುಣ ಹೋಗಿ ಎಳೆಗಳ ಒರಟು ಮಾತ್ರ ಉಳಿಯುತ್ತದೆ. ಹುಡುಗಿ ಒಂದು ಕಣ್ಣಿಗೆ ಮೂರು ನಾಲ್ಕು ಹಾಳೆ ತೆಗೆದು, ಬಿಳಿ ಹಾಳೆ ಬಿಳಿಯಾಗೇ ಬರುವ ತನಕ ತಿಕ್ಕುತ್ತಿದ್ದಳು. ಕೆಂಪು ಹೊರ ಮೂಲೆಯಲ್ಲಿ ಹೆಚ್ಚಿದ್ದದ್ದೂ ಅದಕ್ಕೇ. ಒಳಗಿನಿಂದ ಹೊರಕ್ಕೆ ಎಳೆದ ಪ್ರತಿ ಎಳೆತವೂ ಮುಗಿಯುವುದು ಅಲ್ಲೇ.

ನಮ್ಮ ಮೈಬಣ್ಣದವರಿಗೆ ಇನ್ನೊಂದು ತೊಂದರೆಯಿದೆ. ಕೆಂಪು ಇಳಿದ ಮೇಲೂ ಆ ಜಾಗ ಕಪ್ಪಾಗಿ ಉಳಿಯುತ್ತದೆ. ಕೆರಳಿದ ಚರ್ಮ ಹೆಚ್ಚು ಬಣ್ಣ ಉತ್ಪಾದಿಸುತ್ತದೆ, ಆ ಕಲೆ ಹೋಗಲು ತಿಂಗಳುಗಳು ಬೇಕು. ಆಗ ನಿದ್ದೆಗೆಟ್ಟಿದ್ದರಿಂದ ಕಣ್ಣಿನ ಸುತ್ತ ಕಪ್ಪಾಗಿದೆ ಅಂದುಕೊಂಡು, ಆ ಕಪ್ಪು ಮುಚ್ಚಲು ಕನ್ಸೀಲರ್ ಹಚ್ಚಿ, ರಾತ್ರಿ ಅದನ್ನೂ ಉಜ್ಜಿ ತೆಗೆಯುತ್ತಾರೆ.

ಕಾರ್ಯಕ್ರಮವಿಲ್ಲದ ಎರಡು ವಾರ ಕಣ್ಣಿಗೆ ಏನೂ ಬೇಡ, ವೈಪ್ಸ್ ಅಂತೂ ಬೇಡವೇ ಬೇಡ, ರಾತ್ರಿ ತೆಳುವಾಗಿ ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕು ಅಂದೆ. ಉರಿ ಇಳಿಯಿತು. ಮುಂದಿನ ಕಾರ್ಯಕ್ರಮಕ್ಕೆ ಅದೇ ಕಾಡಿಗೆಯನ್ನೇ ಹಚ್ಚಿದೆವು. ತೆಗೆಯುವ ಕ್ರಮವನ್ನು ಮಾತ್ರ ಬದಲಾಯಿಸಿದೆವು. ಕಾಡಿಗೆಯದು ತಪ್ಪಿರಲಿಲ್ಲ.

ಬದಲಾಯಿಸಿದ್ದು ಕ್ಲೆನ್ಸಿಂಗ್ ಬಾಮ್‌ಗೆ. ನೋಡಲು ಅದು ಡಬ್ಬಿಯಲ್ಲಿ ಹೆಪ್ಪುಗಟ್ಟಿದ ತುಪ್ಪದ ಹಾಗೆ ಇರುತ್ತದೆ. ಒಳಗಿರುವುದು ಎಣ್ಣೆ, ಅದನ್ನು ಗಟ್ಟಿಯಾಗಿ ನಿಲ್ಲಿಸುವ ಮೇಣ, ಇವೆರಡಕ್ಕಿಂತ ಮುಖ್ಯವಾಗಿ ಎಮಲ್ಸಿಫೈಯರ್. ಎಣ್ಣೆಯನ್ನೂ ನೀರನ್ನೂ ಬೆರೆಸುವ ಪದಾರ್ಥ ಅದು. ಬೆರಳಿನ ಬಿಸಿಗೆ ಬಾಮ್ ಕರಗುತ್ತದೆ, ಅದರ ಎಣ್ಣೆ ಕಾಡಿಗೆಯ ಮೇಣವನ್ನು ಸಡಿಲಿಸುತ್ತದೆ. ಆಮೇಲೆ ನೀರು ತಾಕಿಸಿದರೆ ಎಮಲ್ಸಿಫೈಯರ್ ಕೆಲಸ ಶುರು ಮಾಡಿ, ಎಣ್ಣೆಯೆಲ್ಲ ಹಾಲಿನಂತೆ ಬೆಳ್ಳಗಾಗಿ ಬಣ್ಣದ ಸಮೇತ ಹರಿದುಹೋಗುತ್ತದೆ. ಬಟ್ಟೆಯೇ ಬೇಡ.

ಇಲ್ಲಿ ನಮ್ಮ ಮನೆಗಳಲ್ಲಿ ತಪ್ಪದೆ ಬರುವ ಪ್ರಶ್ನೆ: ಇದಕ್ಕೆ ಯಾಕೆ ಅಷ್ಟು ದುಡ್ಡು, ತೆಂಗಿನೆಣ್ಣೆ ಸಾಲದೇ? ಒಳ್ಳೆಯ ಪ್ರಶ್ನೆ. ಯಕ್ಷಗಾನದ ಚೌಕಿಯಲ್ಲಿ ಬೆಳಗಿನ ಜಾವ ಆಟ ಮುಗಿಸಿ ಬಂದ ಕಲಾವಿದರು ಮುಖಕ್ಕೆ ತೆಂಗಿನೆಣ್ಣೆ ಬಳಿದುಕೊಂಡೇ ಬಣ್ಣ ತೆಗೆಯುವುದು. ಮಳೆಗಾಲದಲ್ಲಿ ಕರಾವಳಿಯ ತಂಡಗಳು ಬೆಂಗಳೂರಿಗೆ ಬಂದಾಗ ಹಿಂದಿನ ಕೋಣೆಗೆ ಹೋಗಿ ನೋಡಿ. ಕೈತುಂಬ ಎಣ್ಣೆ ಹಾಕಿ, ಬಣ್ಣವೆಲ್ಲ ಕೆಸರಿನಂತೆ ಕದಡುವವರೆಗೆ ನಿಧಾನವಾಗಿ ಆಡಿಸುತ್ತಾರೆ. ಎಣ್ಣೆಗೆ ಎಣ್ಣೆಯೇ ಮದ್ದು ಅನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಬಣ್ಣವೇ ಎಣ್ಣೆಯಲ್ಲಿ ಕಲಸಿದ್ದು. ಆದರೆ ಕರಗಿದ ಮೇಲೆ ಅದನ್ನು ಎತ್ತಲು ಅವರಿಗೂ ಬಟ್ಟೆ ಬೇಕು, ಆಮೇಲೆ ಸಾಬೂನು ಬೇಕು. ತೆಂಗಿನೆಣ್ಣೆಯಲ್ಲಿ ಎಮಲ್ಸಿಫೈಯರ್ ಇಲ್ಲವಾದ್ದರಿಂದ ನೀರು ಹಾಕಿದರೆ ಅದು ಹರಿಯುವುದಿಲ್ಲ, ಹನಿಹನಿಯಾಗಿ ಅಲ್ಲೇ ಕೂರುತ್ತದೆ. ಕರಗಿಸುವ ಅರ್ಧ ಕೆಲಸ ಅದು ಚೆನ್ನಾಗಿ ಮಾಡುತ್ತದೆ. ತೊಳೆದು ಕಳಿಸುವ ಅರ್ಧ ಕೆಲಸ ಬಟ್ಟೆಯ ಪಾಲಿಗೆ ಬರುತ್ತದೆ, ಮೊಡವೆ ಬರುವ ಮುಖಕ್ಕೆ ಉಳಿದ ಎಣ್ಣೆಯೂ ಒಳ್ಳೆಯದಲ್ಲ. ಬಾಮ್‌ಗೆ ಕೊಡುವ ದುಡ್ಡು ಆ ಎರಡನೆಯ ಅರ್ಧಕ್ಕೆ. ಮನೆಯಲ್ಲಿ ಬಾಮ್ ಇಲ್ಲದ ರಾತ್ರಿ ತೆಂಗಿನೆಣ್ಣೆ ಹಚ್ಚಿ, ಮೆತ್ತನೆಯ ಹತ್ತಿಯಿಂದ ಒತ್ತಿ ಎತ್ತಿ, ಆಮೇಲೆ ಮುಖ ತೊಳೆದರೆ ಉಜ್ಜಿದ ವೈಪ್ಸ್‌ಗಿಂತ ವಾಸಿ.

ಬಳಸುವ ಕ್ರಮ ಹೇಳುತ್ತೇನೆ, ಯಾಕೆಂದರೆ ತಪ್ಪು ಮಾಡುವುದೆಲ್ಲ ಇಲ್ಲೇ. ಕಾಂಟಾಕ್ಟ್ ಲೆನ್ಸ್ ಹಾಕಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ತೆಗೆಯಬೇಕು. ಕೈ ತೊಳೆದು ಪೂರ್ತಿ ಒರೆಸಿಕೊಳ್ಳಬೇಕು. ಮುಖವೂ ಒಣಗಿರಬೇಕು. ಒದ್ದೆ ಕೈಯಲ್ಲಿ ಬಾಮ್ ಮುಟ್ಟಿದರೆ ಅದು ಕಾಡಿಗೆಯನ್ನು ಮುಟ್ಟುವ ಮೊದಲೇ ನೀರಿನ ಜೊತೆ ಬೆರೆತು ಬೆಳ್ಳಗಾಗಿ, ಕರಗಿಸುವ ಕಸುವು ಕಳೆದುಕೊಳ್ಳುತ್ತದೆ. ಆಮೇಲೆ ಬಾಮ್ ಏನೂ ಪ್ರಯೋಜನವಿಲ್ಲ ಅಂತ ದೂರು. ಡಬ್ಬಿಯ ಜೊತೆ ಬರುವ ಪುಟ್ಟ ಚಮಚದಲ್ಲಿ ದೊಡ್ಡ ಕಡಲೆಕಾಳಿನಷ್ಟು ತೆಗೆದುಕೊಳ್ಳಿ. ನೃತ್ಯದ ಮೇಕಪ್ಪಿಗೆ ಅದರ ಎರಡರಷ್ಟು ಬೇಕಾದೀತು. ಎರಡೂ ಕೈಯ ಬೆರಳ ತುದಿಯಲ್ಲಿ ಕರಗಿಸಿಕೊಂಡು ಮೊದಲು ಕೆನ್ನೆ, ಹಣೆ, ಆಮೇಲೆ ಕೊನೆಯಲ್ಲಿ ಕಣ್ಣು. ಕಣ್ಣು ಮೊದಲು ಮಾಡಿದರೆ ಕಪ್ಪೆಲ್ಲ ಕೆನ್ನೆಗೆ ಹರಡುತ್ತದೆ. ಕಣ್ಣು ಮುಚ್ಚಿಕೊಂಡು, ಬಲ ಕಡಿಮೆ ಬೀಳುವ ಉಂಗುರ ಬೆರಳಿನಿಂದ, ರೆಪ್ಪೆಗೂದಲಿನ ಗುಂಟ ಮೇಲಿನಿಂದ ಕೆಳಕ್ಕೆ ಅರ್ಧ ನಿಮಿಷ ಆಡಿಸಿ. ಚರ್ಮ ಬೆರಳಿನ ಜೊತೆ ಸರಿಯಬಾರದು, ಬೆರಳು ಚರ್ಮದ ಮೇಲೆ ಜಾರಬೇಕು. ಸರಿಯಾದ ಒತ್ತಡ ಗೊತ್ತಾಗುವುದು ಅದರಿಂದ.

ಆಮೇಲೆ ಬೆರಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಅದೇ ಜಾಗದಲ್ಲಿ ಮತ್ತೆ ಆಡಿಸಿ. ಬೆಳ್ಳಗಾಗುವುದು ಕಾಣುತ್ತದೆ. ಎಷ್ಟೋ ಜನ ಈ ಹಂತ ಬಿಟ್ಟು ನೇರ ನೀರು ಎರಚಿಕೊಳ್ಳುತ್ತಾರೆ. ಆಗ ಎಣ್ಣೆ ಬಿಡುವುದಿಲ್ಲ, ಟವೆಲ್ಲಿನಲ್ಲಿ ಉಜ್ಜುತ್ತಾರೆ, ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದೆವು. ಬೆಳ್ಳಗಾದ ಮೇಲೆ ಜಿಡ್ಡು ಹೋಗುವ ತನಕ ತೊಳೆದು, ಟವೆಲ್ ಒತ್ತಿ ಎತ್ತಿದರೆ ಸಾಕು. ಕೆಂಗೇರಿ ಕಡೆಯ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಸಾಬೂನು ನೊರೆ ಬಿಡದೆ ಚರ್ಮದ ಮೇಲೆ ಬಿಳಿ ಪೊರೆಯಾಗಿ ಅಂಟುತ್ತದೆ. ಬಾಮ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಎಮಲ್ಸಿಫೈಯರ್‌ಗೆ ಗಡಸು ನೀರಿನ ಕಾಟವಿಲ್ಲ. ಆ ಭಾಗದ ಕೇಳುಗರು ಬಾಮ್ ಆದ ಮೇಲೆ ಸಾಬೂನಿನ ಬದಲು ಸೌಮ್ಯವಾದ ಫೇಸ್‌ವಾಶ್ ಬಳಸಿದರೆ ಒಳ್ಳೆಯದು.

ಕಣ್ಣಿನ ಒಳ ಅಂಚಿನ ಕಾಡಿಗೆ ಮಾತ್ರ ಬೇರೆ ವಿಷಯ. ರೆಪ್ಪೆಗೂದಲಿನ ಒಳಗಡೆ, ಕಣ್ಣುಗುಡ್ಡೆಗೆ ತಾಕುವ ಆ ಒದ್ದೆ ಅಂಚಿನಲ್ಲಿ ಸಣ್ಣ ಸಣ್ಣ ಎಣ್ಣೆ ಗ್ರಂಥಿಗಳ ಬಾಯಿಗಳು ಸಾಲಾಗಿವೆ. ಕಣ್ಣೀರು ಬೇಗ ಆರದಂತೆ ಅದರ ಮೇಲೆ ತೆಳು ಎಣ್ಣೆ ಹರಡುವುದು ಅವುಗಳ ಕೆಲಸ. ಆ ಬಾಯಿಗಳ ಮೇಲೇ ನಾವು ಮೇಣದ ಗೆರೆ ಎಳೆಯುತ್ತೇವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಹೊರಗೆ ಹಚ್ಚಿದ್ದಕ್ಕಿಂತ ಒಳ ಅಂಚಿಗೆ ಹಚ್ಚಿದ ಐಲೈನರಿನ ಕಣಗಳು ಬೇಗ ಮತ್ತು ಹೆಚ್ಚಾಗಿ ಕಣ್ಣೀರಿಗೆ ಸೇರಿದ್ದು ಕಂಡುಬಂತು. ಇದನ್ನು ತೆಗೆಯಲು ವೈಪ್ಸ್‌ನ ಮೂಲೆಯನ್ನು ಚೂಪು ಮಾಡಿ ಒಳಗೆ ತೂರಿಸುವವರಿದ್ದಾರೆ, ಬಡ್ಸ್ ಹಾಕಿ ಎಳೆಯುವವರಿದ್ದಾರೆ. ಎರಡೂ ಬೇಡ, ಬಾಮನ್ನೂ ಅಲ್ಲಿಗೆ ಒಯ್ಯಬೇಡಿ. ಕಣ್ಣು ಮಿಟುಕಿಸುತ್ತಾ ಬಿಟ್ಟರೆ ಅರ್ಧ ಕಪ್ಪು ತಾನಾಗೇ ಮೂಗಿನ ಕಡೆಯ ಮೂಲೆಗೆ ಬಂದು ನಿಲ್ಲುತ್ತದೆ, ಒದ್ದೆ ಹತ್ತಿಯಲ್ಲಿ ತೆಗೆದರಾಯಿತು. ಮಿಕ್ಕದ್ದು ಬೆಳಿಗ್ಗೆ.

ಬಾಮ್ ದೋಷವಿಲ್ಲದ್ದು ಅಂತ ನಾನು ಹೇಳುತ್ತಿಲ್ಲ. ಕಣ್ಣಿನೊಳಗೆ ಹೋದರೆ ಮಂಜು ಕವಿದ ಹಾಗೆ ಆಗುತ್ತದೆ, ಸ್ವಲ್ಪ ಹೊತ್ತು ಇದ್ದು ಹೋಗುತ್ತದೆ. ಪದೇ ಪದೇ ಹೀಗಾದರೆ ಹೆಚ್ಚು ಹಾಕಿಕೊಳ್ಳುತ್ತಿದ್ದೀರಿ ಅಂತ ಅರ್ಥ. ಲ್ಯಾವೆಂಡರ್, ಕಿತ್ತಳೆ ಸಿಪ್ಪೆಯ ಎಣ್ಣೆ ಹಾಕಿ ಘಮಘಮ ಅನ್ನುವ ಬಾಮ್‌ಗಳು ರೆಪ್ಪೆಗೆ ವೈಪ್ಸ್‌ನಷ್ಟೇ ತೊಂದರೆ ಕೊಡಬಲ್ಲವು. ನೈಸರ್ಗಿಕ ಅಂತ ಬರೆದ ಮಾತ್ರಕ್ಕೆ ಅಲರ್ಜಿ ಆಗುವುದಿಲ್ಲ ಅಂತಲ್ಲ. ಕಣ್ಣಿಗೆ ವಾಸನೆಯಿಲ್ಲದ್ದೇ ಇರಲಿ. ಕೆಲವು ಬಾಮ್‌ಗಳಲ್ಲಿ ಎಮಲ್ಸಿಫೈಯರ್ ಇರುವುದೇ ಇಲ್ಲ, ಬರೀ ಎಣ್ಣೆ ಮೇಣ. ಪೆಟ್ಟಿಗೆಯ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ ಅಂತ ಇರುತ್ತದೆ. ಅಂಥದ್ದು ಕಣ್ಣಿಗೆ ಬೇಡ. ಕೊಳ್ಳುವ ಮೊದಲು ಅಂಗೈ ಹಿಂಭಾಗಕ್ಕೆ ಒಂದಿಷ್ಟು ಹಚ್ಚಿ ಎರಡು ಹನಿ ನೀರು ಹಾಕಿ ಆಡಿಸಿದರೆ ಗೊತ್ತಾಗಿಬಿಡುತ್ತದೆ, ಹಾಲಿನಂತಾದರೆ ಸರಿ.

ವೈಪ್ಸ್ ಬಿಟ್ಟರೆ ಗತಿಯಿಲ್ಲ ಅನ್ನುವ ರಾತ್ರಿಗಳೂ ಇರುತ್ತವೆ. ಕಾರ್ಯಕ್ರಮ ಮುಗಿಸಿ ಕೆಂಗೇರಿ ಮೆಟ್ರೋ ಹಿಡಿಯಬೇಕು, ನೀರಿಲ್ಲ, ಮುಖದ ತುಂಬ ಬಣ್ಣ. ಆಗ ಕಣ್ಣು ಮುಚ್ಚಿ ಹಾಳೆಯನ್ನು ರೆಪ್ಪೆಯ ಮೇಲೆ ಒತ್ತಿ, ನಿಧಾನವಾಗಿ ಇಪ್ಪತ್ತು ಎಣಿಸಿ, ಒಮ್ಮೆ ಕೆಳಕ್ಕೆ ಸರಿಸಿ ಬಿಟ್ಟುಬಿಡಿ. ಉಳಿದದ್ದು ಉಳಿಯಲಿ. ಮನೆಗೆ ಹೋದ ಕೂಡಲೇ ಮುಖ ತೊಳೆಯುವುದು ಮಾತ್ರ ತಪ್ಪಬಾರದು. ಬಳಸಿದ ಹಾಳೆ ಕಸದ ಬುಟ್ಟಿಗೆ, ಕಮೋಡಿಗಲ್ಲ. ಅದು ಕಾಗದದಂತೆ ನೀರಿನಲ್ಲಿ ಕರಗುವುದಿಲ್ಲ, ಒಳಚರಂಡಿ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಮೈಸೂರು ರಸ್ತೆಯ ಪಕ್ಕದ ವೃಷಭಾವತಿ ಈಗಾಗಲೇ ಹೊತ್ತಿರುವ ಭಾರ ಸಾಕು.

ಇಷ್ಟೆಲ್ಲ ಬದಲಾಯಿಸಿ, ಎರಡು ವಾರ ಕಳೆದರೂ ರೆಪ್ಪೆಯ ನವೆ, ಊತ ನಿಲ್ಲದಿದ್ದರೆ ಕಾರಣ ಕಣ್ಣಿಗೆ ಹಚ್ಚಿದ್ದರಲ್ಲೇ ಇರಬೇಕು ಅಂತಿಲ್ಲ. ಉಗುರಿನ ಬಣ್ಣ ಒಂದು ಸಾಮಾನ್ಯ ಕಾರಣ, ಬೆರಳು ದಿನಕ್ಕೆ ಎಷ್ಟು ಸಲ ಕಣ್ಣಿಗೆ ಹೋಗುತ್ತದೆ ಅನ್ನುವುದು ನಮಗೇ ಗೊತ್ತಿರುವುದಿಲ್ಲ. ತಲೆಗೆ ಹಚ್ಚುವ ಕಪ್ಪು ಡೈ ಇನ್ನೊಂದು. ಔಷಧದ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಮುಲಾಮು ತಂದು ರೆಪ್ಪೆಗೆ ಹಚ್ಚಬೇಡಿ. ಅಂದೇ ವಾಸಿಯಾದ ಹಾಗೆ ಕಾಣುತ್ತದೆ, ಆದರೆ ಅಲ್ಲಿನ ಚರ್ಮ ಇನ್ನೂ ತೆಳುವಾಗುತ್ತದೆ, ತುಂಬ ದಿನ ಬಳಸಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರುವ ಅಪಾಯವಿದೆ. ಚರ್ಮದ ವೈದ್ಯರು ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ಒಮ್ಮೆ, ಆಮೇಲೆ ಮತ್ತೊಮ್ಮೆ ನೋಡಿ ಯಾವ ವಸ್ತು ಆಗಿಬರುವುದಿಲ್ಲ ಅಂತ ಹೇಳುತ್ತಾರೆ. ಕಣ್ಣು ನೋಯುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾಗೇ ಉಳಿದರೆ, ಪಿಸುರು ಕಟ್ಟುತ್ತಿದ್ದರೆ ಅದು ಚರ್ಮದ ಮಾತಲ್ಲ, ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಯಾರ ಹತ್ತಿರ ಹೋದರೂ ಮನೆಯಲ್ಲಿರುವ ವೈಪ್ಸ್ ಪ್ಯಾಕೆಟ್, ಬಾಮ್ ಡಬ್ಬಿ, ಕಾಡಿಗೆ, ಉಗುರಿನ ಬಣ್ಣ, ಖಾಲಿಯಾದವೂ ಸೇರಿ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹಿಂದಿನ ಸಣ್ಣ ಅಕ್ಷರಗಳನ್ನು ಓದಲು ಅವರಿಗೆ ಅವು ಬೇಕು.